ಭ್ರಾಮರಿ ಮಾಡಿದರೆ ತಲೆ ಸುತ್ತುತ್ತೆ, ಬಿಡಬೇಕಾ?

ಪ್ರಶ್ನೆ: ನನಗೆ 54 ವರ್ಷ. ಬಿಪಿಗೆ ಮಾತ್ರೆ ತಗೊಳ್ತೀನಿ. ರಾತ್ರಿ ಮಲಗಿದ ಮೇಲೂ ತಲೆಯಲ್ಲಿ ಯೋಚನೆ ಓಡ್ತಾನೇ ಇರುತ್ತೆ ಅಂತ ವಿಡಿಯೋ ನೋಡಿ ದುಂಬಿ ಹಾಗೆ ಗುಂಯ್ ಅನ್ನೋ ಭ್ರಾಮರಿ ಪ್ರಾಣಾಯಾಮ ಶುರು ಮಾಡಿದೆ. ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು, ಉಸಿರು ಪೂರ್ತಿ ಖಾಲಿಯಾಗೋವರೆಗೂ ಗುಂಯ್ ಅಂತೀನಿ. ದಿನಕ್ಕೆ 11 ಸಲ. ನಾಲ್ಕೈದು ಸಲ ಆಗೋಷ್ಟರಲ್ಲಿ ತಲೆ ಸುತ್ತುತ್ತೆ, ಎದೆ ಡವಡವ ಅನ್ನುತ್ತೆ. ಮುಂದುವರಿಸಲಾ? ನನ್ನ ಮಗಳೂ ಕಲೀತೀನಿ ಅಂತಾಳೆ, ಆದ್ರೆ ಅವಳಿಗೆ ಆಗಾಗ ಕಿವಿ ಸೋರುತ್ತೆ. ಅವಳು ಮಾಡಬಹುದಾ?

ಉತ್ತರ: ಮೊದಲು ಒಂದು ವಿಷಯ ನೋಡಿಕೊಳ್ಳಿ. ಈ ತಲೆಸುತ್ತು, ಎದೆಬಡಿತ ಭ್ರಾಮರಿ ಮಾಡುವಾಗ ಮಾತ್ರ ಬರುತ್ತಾ, ಅಥವಾ ಮೆಟ್ಟಿಲು ಹತ್ತುವಾಗ, ಸುಮ್ನೆ ಕೂತಿರುವಾಗಲೂ ಬರುತ್ತಾ? ಬೇರೆ ಹೊತ್ತಿನಲ್ಲೂ ಬಂದರೆ ಪ್ರಾಣಾಯಾಮದ ಮಾತು ಆಮೇಲೆ, ಮೊದಲು ನಿಮ್ಮ ಡಾಕ್ಟರ್ ಹತ್ತಿರ ಹೋಗಿ. ಎದೆನೋವು ಬಂದರೆ, ಕಣ್ಣು ಕತ್ತಲೆ ಬಂದು ಬೀಳುವ ಹಾಗಾದರೆ ಒಂದು ದಿನವೂ ಕಾಯಬೇಡಿ. ಮಾಡುವಾಗ ಮಾತ್ರ ಬಂದು, ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಹೋಗುತ್ತೆ ಅಂದರೆ, ತೊಂದರೆ ಬಹುಮಟ್ಟಿಗೆ ನೀವು ಮಾಡುತ್ತಿರುವ ರೀತಿಯಲ್ಲೇ ಇದೆ. ಹಾಗೆಂದುಕೊಂಡೇ ಮುಂದೆ ಬರೆಯುತ್ತೇನೆ. ಮುಂದಿನ ಸಲ ಹೋದಾಗ ಡಾಕ್ಟರಿಗೂ ಇದನ್ನು ಹೇಳಿ.

ಒಂದು ಸಣ್ಣ ಪರೀಕ್ಷೆ ಮಾಡಿ. ಬಾಯಿ ಮುಚ್ಚಿ ಮೆಲ್ಲಗೆ ‘ಮ್…’ ಅನ್ನಿ. ಹಾಗೆ ಅನ್ನುತ್ತಿರುವಾಗಲೇ ಎರಡು ಬೆರಳಿನಿಂದ ಮೂಗು ಹಿಡಿದುಕೊಳ್ಳಿ. ದನಿ ತಟ್ಟನೆ ನಿಂತುಹೋಗುತ್ತೆ, ಅಲ್ವಾ? ಬೆರಳು ಬಿಟ್ಟರೆ ಮತ್ತೆ ಶುರು. ಅಂದರೆ ಭ್ರಾಮರಿಯ ದನಿ ಬೇರೆ, ಉಸಿರು ಬೇರೆ ಅಲ್ಲ. ಮೂಗಿನಿಂದ ಹೊರಗೆ ಹೋಗುವ ಉಸಿರೇ ಗುಂಯ್ ಅನ್ನುತ್ತಿದೆ. ಗಂಟಲಿನ ಧ್ವನಿತಂತುಗಳು ಒಂದಕ್ಕೊಂದು ಹತ್ತಿರ ಬಂದು ಗಾಳಿಯನ್ನು ಚೂರುಚೂರೇ ಬಿಡುತ್ತವೆ, ಅದಕ್ಕೇ ಉಸಿರು ತಾನಾಗಿ ನಿಧಾನವಾಗಿ ಹೋಗುತ್ತೆ. ನಲ್ಲಿಯನ್ನು ಅರ್ಧ ತಿರುಗಿಸಿದ ಹಾಗೆ.

ಸಮಾಧಾನ ಸಿಗುವುದು ಮುಖ್ಯವಾಗಿ ಈ ಉದ್ದನೆಯ ಹೊರ ಉಸಿರಿನಿಂದ. ಉಸಿರು ಒಳಗೆ ತಗೊಳ್ಳುವಾಗ ಎದೆಬಡಿತ ಒಂಚೂರು ಜಾಸ್ತಿಯಾಗುತ್ತೆ, ಬಿಡುವಾಗ ಕಡಿಮೆಯಾಗುತ್ತೆ. ಇದನ್ನು ನೋಡಿಕೊಳ್ಳುವುದು ಮೆದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ಅನ್ನುವ ನರ. ಎಳೆಯರ ಮಣಿಕಟ್ಟಿನ ನಾಡಿ ಹಿಡಿದರೆ ಈ ಏರಿಳಿತ ಬೆರಳಿಗೇ ಗೊತ್ತಾಗುವುದುಂಟು. ವಯಸ್ಸಾದಂತೆ ಅಷ್ಟು ಎದ್ದು ಕಾಣುವುದಿಲ್ಲ. ಒಳ ಉಸಿರಿಗಿಂತ ಹೊರ ಉಸಿರು ಉದ್ದವಾದರೆ ಹೃದಯಕ್ಕೆ ನಿಧಾನವಾಗಲು ಜಾಸ್ತಿ ಹೊತ್ತು ಸಿಗುತ್ತೆ. ಜೊತೆಗೆ ತುಟಿ, ಮೂಗು, ಹಣೆಯಲ್ಲಿ ಏಳುವ ಸಣ್ಣ ನಡುಕದ ಕಡೆ ಮನಸ್ಸು ಹೋಗುವುದರಿಂದ ಓಡುವ ಯೋಚನೆಗೆ ಅಷ್ಟು ಹೊತ್ತು ಜಾಗ ಇರುವುದಿಲ್ಲ.

ಈಗ ನಿಮ್ಮ ತಲೆಸುತ್ತಿಗೆ ಬರೋಣ. ನೀವು ಉಸಿರು ಪೂರ್ತಿ ಖಾಲಿಯಾಗುವವರೆಗೆ ಎಳೆಯುತ್ತೀರಿ. ಕೊನೆಯ ಎರಡು ಮೂರು ಸೆಕೆಂಡು ಹೊಟ್ಟೆ ಬಿಗಿಹಿಡಿದು, ಗಂಟಲು ಹಿಂಡಿ ದನಿ ಹೊರಡಿಸಬೇಕಾಗುತ್ತೆ. ಹಾಗೆ ತಿಣುಕಿದಾಗ ಎದೆಯೊಳಗೆ ಒತ್ತಡ ಏರಿ, ಹೃದಯಕ್ಕೆ ವಾಪಸು ಬರುವ ರಕ್ತ ಆ ಕ್ಷಣಕ್ಕೆ ಕಡಿಮೆಯಾಗುತ್ತೆ. ಆಮೇಲೆ ಉಸಿರಿಗೆ ಹಪಹಪಿಸಿ ಗಬಕ್ಕನೆ ದೊಡ್ಡದಾಗಿ ಒಳಗೆಳೆದುಕೊಳ್ಳುತ್ತೀರಿ. ಅಷ್ಟು ದೊಡ್ಡ ಉಸಿರು ನಾಲ್ಕೈದು ಸಲ ಆಯಿತೆಂದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತೆ, ಮೆದುಳಿನ ರಕ್ತನಾಳ ಕಿರಿದಾಗುತ್ತೆ, ತಲೆ ಹಗುರಾದ ಹಾಗೆ, ಸುತ್ತಿದ ಹಾಗೆ ಆಗುತ್ತೆ. ಡವಡವ ಅನ್ನುವುದೂ ಇದರ ಜೊತೆಯದೇ. ದೇಹಕ್ಕೆ ಉಸಿರು ಸಾಲದು ಅನ್ನಿಸಿದಾಗ ಅದು ಗಾಬರಿಯ ಕಡೆಗೇ ತಿರುಗುತ್ತೆ. ನೀವು ಸಮಾಧಾನಕ್ಕೆಂದು ಕೂತು ಓಟದ ಉಸಿರು ಉಸಿರಾಡುತ್ತಿದ್ದೀರಿ. ಕಿವಿ ಬಿಗಿಯಾಗಿ ಮುಚ್ಚಿರುವುದರಿಂದ ಆ ಬಡಿತ ಇನ್ನೂ ಜೋರಾಗಿ ಕೇಳುತ್ತೆ, ಅದನ್ನು ಕೇಳಿ ಹೆದರಿಕೆ ಇನ್ನಷ್ಟು.

ಸರಿಯಾಗಿ ಮಾಡುತ್ತಿದ್ದೀರಾ ಅಂತ ತಿಳಿಯಲು ಗಡಿಯಾರಕ್ಕಿಂತ ಒಳ್ಳೆಯ ಅಳತೆ ನಿಮ್ಮ ಮುಂದಿನ ಉಸಿರು. ಗುಂಯ್ ನಿಂತ ಮೇಲೆ ಒಳಗೆ ಹೋಗುವ ಉಸಿರು ಸದ್ದಿಲ್ಲದೆ ಹೋಗಬೇಕು. ಪಕ್ಕದಲ್ಲಿ ಕೂತವರಿಗೆ ‘ಸ್ಸ್’ ಅಂತ ಎಳೆದುಕೊಂಡದ್ದು ಕೇಳಿದರೆ, ಅಥವಾ ಭುಜ ಮೇಲೆದ್ದರೆ, ನೀವು ತೀರಾ ಉದ್ದ ಎಳೆದಿದ್ದೀರಿ ಅಂತಲೇ ಅರ್ಥ. ಮುಂದಿನ ಸಲ ಎರಡು ಸೆಕೆಂಡು ಮೊದಲೇ ನಿಲ್ಲಿಸಿ.

ಈಗ ಮಾಡುವ ಬಗೆ. ಎರಡು ಮೂರು ದಿನ ಬಿಟ್ಟು, ಹೊಸದಾಗಿ ಶುರು ಮಾಡುವವರ ಹಾಗೆ ಶುರು ಮಾಡಿ. ಕುರ್ಚಿಯ ಮೇಲೆ, ಇಲ್ಲ ಮಂಚದ ಅಂಚಿನಲ್ಲಿ ಬೆನ್ನು ನೆಟ್ಟಗಿಟ್ಟು ಕೂತರೆ ಸಾಕು. ಪದ್ಮಾಸನವೇ ಬೇಕೆಂದಿಲ್ಲ. ಕೈ ತೊಡೆಯ ಮೇಲಿರಲಿ. ತುಟಿ ಮುಚ್ಚಿ, ಆದರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗದಿರಲಿ. ಇದನ್ನು ಬಹಳ ಜನ ಮರೆಯುತ್ತಾರೆ. ದವಡೆ ಬಿಗಿಯಾದರೆ ದನಿಯೂ ಬಿಗಿ, ಆಮೇಲೆ ಕಪಾಲ ಹಿಡಿದುಕೊಂಡ ಹಾಗೆ ನೋವು. ಎರಡು ಮೂರು ಸಲ ಮಾಮೂಲಿ ಉಸಿರಾಡಿ. ಆಮೇಲೆ ಮೂಗಿನಿಂದ ಮೂರು ಸೆಕೆಂಡಿನಷ್ಟು ಉಸಿರು ತಗೊಳ್ಳಿ. ಎದೆ ತುಂಬಿಸಿಕೊಳ್ಳುವ ಹಟ ಬೇಡ. ಒಂದು ವಾಕ್ಯ ಮಾತಾಡಲು ಎಷ್ಟು ಬೇಕೋ ಅಷ್ಟು. ಹಿಡಿದಿಟ್ಟುಕೊಳ್ಳದೆ, ತಕ್ಷಣ ‘ಮ್…’ ಎಂದು ಬಿಡಿ, ಐದಾರು ಸೆಕೆಂಡು. ನೀವು ಮಾತಾಡುವಾಗಿನ ದನಿಗಿಂತ ಸ್ವಲ್ಪ ತಗ್ಗಿದ ಸ್ವರ, ಪಕ್ಕದ ಕೋಣೆಗೆ ಕೇಳಿಸದಷ್ಟು ಮೆಲ್ಲಗೆ. ಮೊದಲಿಂದ ಕೊನೆಯವರೆಗೆ ಒಂದೇ ಸಮ. ದನಿ ಕೊನೆಯಲ್ಲಿ ನಡುಗಿತು, ಕೀರಲಾಯಿತು ಅಂದರೆ ಗಾಳಿ ಮುಗಿದಿದೆ. ಒಳಗೆ ಇನ್ನೂ ಒಂಚೂರು ಉಸಿರು ಉಳಿದಿರುವಾಗಲೇ ನಿಲ್ಲಿಸಬೇಕು.

ಮೊದಲ ವಾರ ಇಂಥವು ನಾಲ್ಕು ಸಾಕು. ಒಂದು ಗುಂಯ್ ಆದ ಮೇಲೆ ಒಂದು ಮಾಮೂಲಿ ಉಸಿರು, ದನಿಯಿಲ್ಲದ್ದು. ಮತ್ತೆ ಗುಂಯ್. ಎಲ್ಲಾ ಸೇರಿ ಒಂದೂವರೆ ನಿಮಿಷವೂ ಆಗುವುದಿಲ್ಲ. ತಲೆ ಸುತ್ತಲಿಲ್ಲ ಅಂದರೆ ಎರಡನೇ ವಾರ ಆರು ಮಾಡಿ. ಹೊರ ಉಸಿರು ತಾನಾಗಿ ಎಂಟು ಸೆಕೆಂಡಿಗೆ ಬಂದರೆ ಬರಲಿ, ನೀವಾಗಿ ಎಳೆಯಬೇಡಿ. ಆ 11 ಅನ್ನುವ ಲೆಕ್ಕ ಬಿಟ್ಟುಬಿಡಿ. ನಡುವೆ ತಲೆ ಹಗುರಾಯಿತು ಅನಿಸಿದರೆ ಅಲ್ಲಿಗೇ ನಿಲ್ಲಿಸಿ, ಕಣ್ಣು ಬಿಟ್ಟು, ಮಾಮೂಲಿ ಉಸಿರಾಡುತ್ತಾ ಕೂತಿರಿ. ಮುಗಿದ ಮೇಲೆ ದಡಕ್ಕನೆ ಏಳಬೇಡಿ. ಬಿಪಿ ಮಾತ್ರೆ ತಗೊಳ್ಳುವವರಿಗೆ ಎದ್ದ ತಕ್ಷಣ ಬಿಪಿ ಇಳಿದು ತಲೆ ಸುತ್ತುವುದು ಬೇರೆಯದೇ ಒಂದು ಕಥೆ. ರಾತ್ರಿ ಮಲಗುವ ಮೊದಲು ಮಾಡುವುದಾದರೆ ಕೂತೇ ಮುಗಿಸಿ, ಆಮೇಲೆ ಮಲಗಿ.

ಕಿವಿ ಮುಚ್ಚುವ ಬಗ್ಗೆ. ಮುಚ್ಚಿದರೆ ಒಳಗಿನ ದನಿ ಜೋರಾಗಿ ಕೇಳುತ್ತೆ, ಹೊರಗಿನ ಸದ್ದು ತಗ್ಗುತ್ತೆ, ಅಷ್ಟೇ ಅದರ ಉಪಯೋಗ. ಮುಚ್ಚದಿದ್ದರೂ ಭ್ರಾಮರಿ ಭ್ರಾಮರಿಯೇ. ನೀವು ಮೊದಲ ಎರಡು ವಾರ ಕೈ ಎತ್ತಲೇ ಬೇಡಿ. ಆಮೇಲೆ ಬೇಕೆನಿಸಿದರೆ ಬೆರಳನ್ನು ಕಿವಿಯ ತೂತಿಗೆ ತುರುಕಬೇಡಿ. ತೂತಿನ ಮುಂದೆ, ಕೆನ್ನೆಯ ಕಡೆಗೆ, ಪುಟ್ಟ ಬಾಗಿಲಿನ ಹಾಗೆ ಒಂದು ಮೆತ್ತನೆಯ ತುಣುಕು ಇದೆ. ಅದನ್ನು ಹೆಬ್ಬೆರಳಿನಿಂದ ಬಾಗಿಲು ಮುಂದೆ ಮಾಡಿದ ಹಾಗೆ ಮೆಲ್ಲಗೆ ಒತ್ತಿದರೆ ಸಾಕು. ಉಳಿದ ಬೆರಳುಗಳನ್ನು ಕಣ್ಣಿನ ಮೇಲಿಟ್ಟು ಮಾಡುವ ಷಣ್ಮುಖಿ ಮುದ್ರೆಯನ್ನೂ ವಿಡಿಯೋಗಳಲ್ಲಿ ತೋರಿಸುತ್ತಾರೆ. ನಿಮಗೆ ಅದು ಬೇಡವೇ ಬೇಡ. ಕಣ್ಣುಗುಡ್ಡೆ ಒತ್ತಿದರೆ ಎದೆಬಡಿತ ಇದ್ದಕ್ಕಿದ್ದಂತೆ ಇಳಿಯಬಹುದು. ಗ್ಲಾಕೋಮಾ ಇರುವವರು, ಕಣ್ಣಿನ ಆಪರೇಷನ್ ಆದವರು ಕಣ್ಣಿನ ಹತ್ತಿರ ಬೆರಳು ತರಲೇಬಾರದು.

ಹಠಯೋಗ ಪ್ರದೀಪಿಕೆ ಅನ್ನುವ ಹಳೆಯ ಯೋಗಗ್ರಂಥದಲ್ಲಿ ಉಸಿರು ಒಳಗೆ ತಗೊಳ್ಳುವಾಗಲೂ ದುಂಬಿಯ ದನಿ ಮಾಡಬೇಕೆಂದಿದೆ. ಈಗ ಹೆಚ್ಚಿನವರು ಕಲಿಸುವುದು ಹೊರ ಉಸಿರಿನ ದನಿಯನ್ನು ಮಾತ್ರ, ನನಗೂ ಅದೇ ಸರಿ ಅನಿಸುತ್ತೆ. ಒಳ ಉಸಿರಿಗೆ ದನಿ ಕೊಡಲು ಹೋದರೆ ಹೊಸಬರ ಗಂಟಲು ಬಿಗಿಯುತ್ತೆ. ಇನ್ನೊಂದು ಮಾತು. ಗುಂಯ್ ಅಂದರೆ ಮೂಗಿನಲ್ಲಿ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಜಾಸ್ತಿಯಾಗುತ್ತೆ, ಅದಕ್ಕೇ ಎಲ್ಲಾ ರೋಗಕ್ಕೂ ಒಳ್ಳೆಯದು ಅನ್ನುವ ಮಾತು ನೀವೂ ಕೇಳಿರಬಹುದು. ಮೊದಲರ್ಧ ನಿಜ. ಸ್ವೀಡನ್ನಿನ ಸಂಶೋಧಕರು 2002ರಲ್ಲಿ ಅಳೆದು ನೋಡಿದಾಗ, ಸುಮ್ನೆ ಉಸಿರು ಬಿಡುವುದಕ್ಕಿಂತ ಗುಂಯ್ ಎನ್ನುತ್ತಾ ಬಿಟ್ಟಾಗ ಮೂಗಿನಿಂದ ಸುಮಾರು 15 ಪಟ್ಟು ಹೆಚ್ಚು ಬಂದಿತ್ತು. ಕಂಪನದಿಂದ ಸೈನಸ್ ಗೂಡುಗಳ ಗಾಳಿ ಹೊರಬರುತ್ತೆ ಅನ್ನುವುದನ್ನು ಅದು ತೋರಿಸುತ್ತೆ. ಬಿಪಿ ಮಾತ್ರೆ ಬಿಡಬಹುದು ಅಂತ ತೋರಿಸುವುದಿಲ್ಲ. ಎರಡು ವಾರ ಹಾಯೆನಿಸಿತು ಅಂತ ಮಾತ್ರೆ ನಿಲ್ಲಿಸಬೇಡಿ. ಬಿಪಿ ಇರುವವರು ಉಸಿರು ಕಟ್ಟುವ ಕುಂಭಕವನ್ನೂ ಸೇರಿಸಬಾರದು. ಗರ್ಭಿಣಿಯರಿಗೂ ಇದೇ ಮಾತು.

ಗಾಬರಿಯ ಕಾಯಿಲೆ ಇರುವವರ ಬಗ್ಗೆ ನನಗೆ ಒಬ್ಬ ವಿದ್ಯಾರ್ಥಿನಿ ಕಲಿಸಿದ ಪಾಠ ಇದೆ. ಎಲ್ಲರಿಗೂ ಹೇಳಿದಂತೆ ಅವರಿಗೂ ಕಣ್ಣು, ಕಿವಿ ಮುಚ್ಚಿ ಎಂದೆ. ಎರಡನೇ ಸುತ್ತಿಗೇ ಬೆವರು ಒರೆಸಿಕೊಳ್ಳುತ್ತಾ ಎದ್ದರು. ಒಳಗೆ ಎದೆಬಡಿತ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲವಂತೆ. ಮಾರನೆಯ ವಾರ ಕಣ್ಣು ಬಿಟ್ಟು, ಕಿಟಕಿಯ ಕಡೆ ನೋಡುತ್ತಾ, ಬರೀ ನಾಲ್ಕು ಸೆಕೆಂಡಿನ ಗುಂಯ್ ಮಾಡಿಸಿದೆ. ಅದು ಅವರಿಗೆ ಒಗ್ಗಿತು. ಇಲ್ಲದ ದನಿ ಕೇಳಿಸುವಂಥ ಮಾನಸಿಕ ಕಾಯಿಲೆ ಇರುವವರು, ಫಿಟ್ಸ್ ಬರುವವರು ತಮ್ಮ ಡಾಕ್ಟರನ್ನು ಕೇಳದೆ ಶುರು ಮಾಡುವುದು ಬೇಡ. ಅಸ್ತಮಾ ಇದ್ದು ಎದೆ ಸುಯ್‌ಗುಡುತ್ತಿರುವಾಗ ಮೊದಲು ಇನ್ಹೇಲರ್, ಭ್ರಾಮರಿ ಆರಾಮಾದ ದಿನಕ್ಕೆ.

ಇನ್ನು ನಿಮ್ಮ ಮಗಳು. ಆಗಾಗ ಕಿವಿ ಸೋರುತ್ತೆ ಅಂದರೆ ಕಿವಿಯ ತಮಟೆಯಲ್ಲಿ ತೂತು ಇರಬಹುದು. ಮೊದಲು ಕಿವಿ ಡಾಕ್ಟರಿಗೆ ತೋರಿಸಿ. ಸೋರುವ ಕಿವಿಯನ್ನು ಬೆರಳಿನಿಂದ ಮುಚ್ಚುವುದು, ಒತ್ತುವುದು ಯಾವ ಕಾರಣಕ್ಕೂ ಬೇಡ. ನೆಗಡಿಯಿಂದ ಮೂಗು ಕಟ್ಟಿದ ದಿನವೂ ಬೇಡ, ಕಟ್ಟಿದ ಮೂಗಿನಲ್ಲಿ ಬಲವಂತವಾಗಿ ಗುಂಯ್ ಅಂದರೆ ಒತ್ತಡ ಕಿವಿಯ ಕಡೆ ತಿರುಗುತ್ತೆ. ಕಿವಿ ಒಣಗಿ, ಡಾಕ್ಟರ್ ಪರವಾಗಿಲ್ಲ ಅಂದ ಮೇಲೆ, ಕೈ ತೊಡೆಯ ಮೇಲಿಟ್ಟು ನಿಮ್ಮ ಹಾಗೇ ನಾಲ್ಕು ಮೆಲ್ಲನೆಯ ಗುಂಯ್ ಮಾಡಲಿ. ಕಿವಿಯಲ್ಲಿ ನೋವೋ, ಗುಂಯ್ ನಿಂತ ಮೇಲೂ ಉಳಿಯುವ ಸದ್ದೋ ಬಂದರೆ ಆ ದಿನಕ್ಕೆ ಅಲ್ಲಿಗೇ ಬಿಡಲಿ, ಮರುದಿನವೂ ಹಾಗೇ ಆದರೆ ಮತ್ತೆ ಡಾಕ್ಟರಿಗೆ ತೋರಿಸಿ.