ಬೀರುವಿನ ಹಿಂದೆ ಸಿಕ್ಕ ರಸೀದಿ

“ಸರ್, ನನ್ನ ಕಥೆಯಲ್ಲಿ ವಿಮಾ ಕಚೇರಿಯ ಕ್ಲೇಮ್ ವಿಭಾಗದ ಗುಮಾಸ್ತ ರಾಘವ, ಕಾಣೆಯಾಗಿದ್ದ ರಸೀದಿ ಹುಡುಕಿ ಸರೋಜಮ್ಮನಿಗೆ ಗಂಡನ ವಿಮೆ ಹಣ ಕೊಡಿಸುತ್ತಾನೆ. ಓದಿದವರೆಲ್ಲ ಕೊನೆ ನಂಬೋಕಾಗಲ್ಲ ಅಂತಾರೆ. ಎಲ್ಲಿ ತಪ್ಪಿದ್ದೇನೆ? ಮುಚ್ಚುಮರೆ ಇಲ್ಲದೆ ಹೇಳಿ.”

ನೀವು ತಪ್ಪಿದ್ದು ಕೊನೆಗಿಂತ ಬಹಳ ಮೊದಲು, ನಾಲ್ಕನೇ ಪುಟದಲ್ಲಿ. ಲೈನ್‌ಮನ್ ಆಗಿದ್ದ ಗಂಡನ ಸಂಬಳದಲ್ಲೇ ತಿಂಗಳಿಗೆ 212 ರೂಪಾಯಿ ಪ್ರೀಮಿಯಂ ಹಿಡಿಯುತ್ತಿದ್ದರು ಅಂತ ಅಲ್ಲಿ ಬರೆದಿದ್ದೀರಿ. ಹಾಗಿದ್ದರೆ ಬೀರುವಿನ ಹಿಂದೆ ರಸೀದಿ ಬಂದದ್ದು ಹೇಗೆ? ಹೀಗೆ ಸಂಬಳದಲ್ಲೇ ಹಿಡಿಯುವ ಸ್ಯಾಲರಿ ಸೇವಿಂಗ್ಸ್ ಸ್ಕೀಮ್‌ನಲ್ಲಿ ಒಬ್ಬೊಬ್ಬರಿಗೂ ರಸೀದಿ ಕೊಡುವುದಿಲ್ಲ. ಗಂಡ ಕೆಲಸ ಮಾಡುವ ಕಚೇರಿ ಎಲ್ಲರ ಪ್ರೀಮಿಯಂ ಸೇರಿಸಿ ಒಂದೇ ಚೆಕ್ ಕಳಿಸುತ್ತದೆ. ಜೊತೆಗೆ ಯಾರ ಪಾಲಿಸಿಗೆ ಎಷ್ಟು ಅನ್ನುವ ಪಟ್ಟಿ ಇರುತ್ತದೆ. ಅಷ್ಟೇ. ನಿಮ್ಮ ಕಥೆ ನಿಂತಿರುವ ಕಾಗದವೇ ಇಲ್ಲದ ಕಾಗದ.

ಆದರೆ ಇದೇ ಪಟ್ಟಿಯ ಒಳಗೆ ನಿಮಗೆ ಬೇಕಾದ ಕಥೆ ಇದೆ. ಲೈನ್‌ಮನ್‌ಗೆ 2001ರ ಜೂನ್‌ನಲ್ಲಿ ಅರಸೀಕೆರೆಯಿಂದ ಸಕಲೇಶಪುರಕ್ಕೆ ವರ್ಗ ಆಯ್ತು ಅಂತ ನೀವೇ ಒಂದು ಸಾಲು ಬರೆದು ಮರೆತುಬಿಟ್ಟಿದ್ದೀರಿ. ಅದನ್ನು ಹಿಡಿದುಕೊಳ್ಳಿ. ವರ್ಗ ಆದಾಗ ಸಂಬಳ ಕೊಡುವ ಕಚೇರಿ ಬದಲಾಗುತ್ತದೆ. ವಿಮಾ ಕಚೇರಿಗೆ ಆ ಸುದ್ದಿ ತಲುಪದಿದ್ದರೆ ಅದು ಹಳೆಯ ಕಚೇರಿಯ ಪಟ್ಟಿಯಲ್ಲೇ ಅವನ ಹೆಸರು ಹುಡುಕುತ್ತಿರುತ್ತದೆ. ಅತ್ತ ಹೊಸ ಕಚೇರಿ ಪ್ರತಿ ತಿಂಗಳೂ 212 ರೂಪಾಯಿ ಹಿಡಿಯುತ್ತಲೇ ಇರುತ್ತದೆ. ಅವರ ಪಟ್ಟಿಯಲ್ಲಿ ಪಾಲಿಸಿ ನಂಬರಿನ ಒಂದು ಅಂಕಿ ತಪ್ಪಿದರೂ ಸಾಕು, ಬಂದ ಹಣ ಯಾರ ಲೆಕ್ಕಕ್ಕೂ ಸೇರದೆ ಸಸ್ಪೆನ್ಸ್ ಖಾತೆಯಲ್ಲಿ ಕೂತುಬಿಡುತ್ತದೆ. 2002ರ ಆಗಸ್ಟ್‌ನಲ್ಲಿ ಅವನು ತೀರಿಕೊಂಡಾಗ ಪಾಲಿಸಿಯಲ್ಲಿ 14 ತಿಂಗಳ ‘ಗ್ಯಾಪ್’. ಅಂದರೆ ಪಾಲಿಸಿ ಲ್ಯಾಪ್ಸ್.

ಇಲ್ಲಿ ಇನ್ನೊಂದು ತಪ್ಪು ಸರಿಮಾಡಿ. “ಒಂದು ಪೈಸೆಯೂ ಸಿಗಲ್ಲ” ಅಂತ ನಿಮ್ಮ ಮ್ಯಾನೇಜರ್ ಹೇಳುತ್ತಾನೆ. ನೀವು ಕೊಟ್ಟ ಲೆಕ್ಕದಲ್ಲೇ 20 ವರ್ಷದ ಪಾಲಿಸಿಗೆ ಐದು ವರ್ಷ ಪ್ರೀಮಿಯಂ ಬಂದಿದೆ. ಅಂಥ ಪಾಲಿಸಿ ಪೇಡ್‌ಅಪ್ ಆಗುತ್ತದೆ, ಅಂದರೆ ಕಟ್ಟಿದ ವರ್ಷಗಳಿಗೆ ತಕ್ಕಷ್ಟು ಹಣ ಉಳಿಯುತ್ತದೆ. ವಿಮಾ ಮೊತ್ತ 50,000ದ ಕಾಲು ಭಾಗ, ಅಂದರೆ 12,500 ರೂಪಾಯಿ ಮತ್ತು ಅಲ್ಲಿಯವರೆಗಿನ ಬೋನಸ್ ಸಿಗುತ್ತದೆ. ಕಥೆಗೂ ಇದೇ ಒಳ್ಳೆಯದು. ಬರಿಗೈಯಲ್ಲಿ ಕಳಿಸಿದರೆ ಯಾರಾದರೂ ಜಗಳ ತೆಗೆಯುತ್ತಾರೆ. ಕಾಲು ಭಾಗ ಕೊಟ್ಟರೆ ಸಾಲ ಮಾಡಿಕೊಂಡ ಹೆಂಗಸು ಸುಮ್ನೆ ಸಹಿ ಹಾಕಿ ಹೋಗುತ್ತಾಳೆ. ಫೈಲ್ ಮುಚ್ಚಿಹೋಗುತ್ತದೆ. ರಾಘವನಿಗೆ ಇರುವ ಸಮಯ ಆ ಸಹಿ ಬೀಳುವವರೆಗೆ ಮಾತ್ರ. ಇದು ನಿಮ್ಮ ಗುಡುಗು ಮಳೆಯ ರಾತ್ರಿಗಿಂತ ಜಾಸ್ತಿ ಬಿಗಿ ತರುತ್ತದೆ, ಅಲ್ವಾ?

ಈಗ ಅವನು ಹುಡುಕಬೇಕಾದ್ದು ಏನು? ಸಕಲೇಶಪುರದ ಸಂಬಳ ಚೀಟಿ. ಅದರಲ್ಲಿ 212 ರೂಪಾಯಿ ಕಡಿತ ಇದ್ದರೆ ಸಾಕು, ಅವನು ಆ ಕಚೇರಿಯ ಪಟ್ಟಿಗಳನ್ನು ತಿಂಗಳು ತಿಂಗಳಿಗೆ ತೆಗೆದು ನೋಡಬಹುದು. ಹಣ ಬಂದೇ ಇಲ್ಲ ಅಂತ ಇಟ್ಟುಕೊಂಡರೂ ದಾರಿ ಇದೆ. ದೆಹಲಿಯ ವಿದ್ಯುತ್ ಸಂಸ್ಥೆಯ ನೌಕರರೊಬ್ಬರ ಸಂಬಳದಲ್ಲಿ ಪ್ರೀಮಿಯಂ ಹಿಡಿದು ಕಟ್ಟದೇ ಇದ್ದ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹಣ ಹಿಡಿಯುವ ಸಂಸ್ಥೆ ವಿಮಾ ಕಂಪನಿಯ ಏಜೆಂಟ್ ಇದ್ದ ಹಾಗೆ, ಅವರ ತಪ್ಪಿಗೆ ಹೆಂಡತಿ ನಷ್ಟ ಅನುಭವಿಸಬೇಕಿಲ್ಲ ಎಂದು ಹೇಳಿತು. ನಿಮ್ಮ ಕಥೆ ನಡೆಯುವುದು ಅದಾದ ಮೂರು ವರ್ಷಕ್ಕೆ. ರಾಘವನಿಗೆ ಅದು ಗೊತ್ತಿರಬಹುದು. ಆದರೆ ತೀರ್ಪನ್ನು ಅವನ ಬಾಯಲ್ಲಿ ಭಾಷಣ ಮಾಡಿಸಬೇಡಿ.

ಹಾಗೇ ಅವನ ಕೈಯಿಂದ ಚೆಕ್ ಕೊಡಿಸುವ ದೃಶ್ಯ ತೆಗೆಯಿರಿ. ಗುಮಾಸ್ತ ಕ್ಲೇಮ್ ಮಂಜೂರು ಮಾಡುವುದಿಲ್ಲ, ನೋಟ್ ಬರೆದು ಮೇಲಕ್ಕೆ ಕಳಿಸುತ್ತಾನೆ. ಆ ನೋಟ್ ಬರೆಯುವುದನ್ನೇ ದೃಶ್ಯ ಮಾಡಿ. “14 ಕಂತು ಸಸ್ಪೆನ್ಸ್‌ನಲ್ಲಿ ಸಿಕ್ಕಿವೆ” ಅಂತ ಬರೆದರೆ ತಪ್ಪು ತನ್ನದೇ ಕಚೇರಿಯದ್ದು ಅಂತ ಬರೆದ ಹಾಗೆ. ಪಕ್ಕದ ಟೇಬಲ್ಲಿನ ಗೆಳೆಯ ಆ ಲೆಕ್ಕ ನೋಡಿಕೊಳ್ಳುವವನು. ನಿಮ್ಮ ಎರಡನೇ ಪುಟದಲ್ಲಿ ಇಬ್ಬರೂ ಡಬ್ಬಿ ಹಂಚಿಕೊಂಡು ಊಟ ಮಾಡುತ್ತಾರೆ. ಅದನ್ನು ಸುಮ್ನೆ ಬಿಡಬೇಡಿ.

ಕೊನೆಯದಾಗಿ ಸರೋಜಮ್ಮ. ಹನ್ನೊಂದು ಪುಟದಲ್ಲಿ ಆಕೆ ಆರು ಸಲ ಅಳುತ್ತಾಳೆ, ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಗಂಡನ ಸಂಬಳ ಚೀಟಿಗಳನ್ನು ದಾರದಲ್ಲಿ ಪೋಣಿಸಿ ಇಟ್ಟುಕೊಂಡವಳು ಆಕೆಯೇ ಆಗಲಿ. ಮೊದಲ ದಿನವೇ ಅದನ್ನು ಕೌಂಟರಿನ ಮೇಲೆ ಇಡಲಿ. ರಾಘವ ತಲೆ ಎತ್ತದೆ, “ಇದೆಲ್ಲ ಬೇಡಮ್ಮ, ಬಾಂಡು, ಮರಣ ಪ್ರಮಾಣಪತ್ರ ಕೊಡಿ ಸಾಕು” ಅಂತ ವಾಪಸ್ ಕೊಡಲಿ. ಈ ಸಾಲು ಮೊದಲ ಪುಟದಲ್ಲೇ ಬರಲಿ. ಚೀಟಿ ಎಲ್ಲಿದೆ ಅಂತ ಹತ್ತನೇ ಪುಟದಲ್ಲಿ ಅವನಿಗೆ ನೆನಪಾಗಲಿ. ಆಮೇಲೆ ಅವನು ಬೀರು ಸರಿಸಬೇಕಿಲ್ಲ, ಆಕೆಯ ಊರಿನ ಬಸ್ಸು ಹತ್ತಬೇಕು.