ಗುಡ್ಡ ಕಡಿದಲ್ಲಿ ಕಾಣುವ ದುಂಡು ಬಂಡೆಗಳು ನದಿಯ ಗುರುತೇ?

ಪ್ರಶ್ನೆ: ರಸ್ತೆಗಾಗಿ ಗುಡ್ಡ ಕಡಿದ ಕಡೆ ಮೇಲೆ ಕೆಂಪು ಮಣ್ಣು, ನಡುವೆ ಬಿಳಿ–ಹಳದಿ ಮಚ್ಚೆಯ ಮೆತ್ತನೆಯ ಪದರ, ಕೆಳಗೆ ಗ್ರಾನೈಟಿನ ದುಂಡು ಬಂಡೆಗಳು ಕಾಣುತ್ತವೆ. ಹಿಂದೆ ಅಲ್ಲಿ ನದಿ ಹರಿಯುತ್ತಿತ್ತೇ?

ಉತ್ತರ: ದುಂಡು ಬಂಡೆಗಳೆಲ್ಲ ಒಂದೇ ಜಾತಿಯ ಕಲ್ಲಾಗಿದ್ದರೆ ಅವು ನದಿ ಉರುಳಿಸಿ ತಂದವುಗಳಲ್ಲ ಎಂದೇ ಮೊದಲು ಊಹಿಸಬೇಕು. ಗ್ರಾನೈಟಿನೊಳಗೆ ಅಡ್ಡಕ್ಕೂ ಉದ್ದಕ್ಕೂ ಬಿರುಕುಗಳಿದ್ದು, ಅವು ಬಂಡೆಯನ್ನು ಪೆಟ್ಟಿಗೆಯಾಕಾರದ ತುಂಡುಗಳಾಗಿ ಸೀಳಿರುತ್ತವೆ. ಆ ಬಿರುಕುಗಳಲ್ಲಿ ಇಳಿದ ನೀರು ತುಂಡಿನ ಮುಖವನ್ನು ಒಂದು ಕಡೆಯಿಂದ ತಿಂದರೆ ಮೂಲೆಯನ್ನು ಮೂರು ಕಡೆಯಿಂದ ತಿನ್ನುತ್ತದೆ. ಹೀಗಾಗಿ ಮೂಲೆಗಳು ಮೊದಲು ಸವೆದು, ಈರುಳ್ಳಿಯ ಸಿಪ್ಪೆಯಂತೆ ಪದರಗಳು ಬಿಟ್ಟುಕೊಂಡು, ನಡುವೆ ಗಟ್ಟಿಯಾದ ದುಂಡು ತಿರುಳು ಉಳಿಯುತ್ತದೆ. ಬಂಡೆಯಲ್ಲಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಕ್ರಮೇಣ ಬಿಳಿ ಜೇಡಿಯಾಗುವುದರಿಂದ ನಡುವಿನ ಪದರ ಮೆತ್ತಗಿರುತ್ತದೆ.

ಇದನ್ನು ಸ್ಥಳದಲ್ಲೇ ಪರೀಕ್ಷಿಸಲು ಬೆಣಚುಕಲ್ಲಿನ ಎಳೆಯೊಂದನ್ನು ಹುಡುಕಿರಿ. ಬೆಣಚು ಸುಲಭವಾಗಿ ಶಿಥಿಲವಾಗದು. ಗಟ್ಟಿ ಬಂಡೆಯಲ್ಲಿ ಹುಟ್ಟಿದ ಎಳೆ ಮೆತ್ತನೆಯ ಪದರದಲ್ಲೂ ಮುರಿಯದೆ ಮೇಲೇರಿದ್ದರೆ, ಆ ಪದರ ಎಲ್ಲಿಂದಲೂ ಬಂದದ್ದಲ್ಲ, ನಿಂತಲ್ಲೇ ಮಣ್ಣಾದ ಬಂಡೆ ಎಂಬುದು ಖಚಿತ. ಮೇಲ್ಭಾಗದಲ್ಲಿ ಎಳೆ ಇಳಿಜಾರಿನ ಕಡೆಗೆ ಬಾಗಿ ಚೂರುಚೂರಾಗಿ ಚದುರಿದ್ದರೆ, ಅಲ್ಲಿಂದ ಮೇಲಿನ ಮಣ್ಣು ನಿಧಾನವಾಗಿ ಕೆಳಕ್ಕೆ ಜರುಗಿದೆ ಎಂದು ತಿಳಿಯಬೇಕು. ನೋಡುಗರು ಸಾಮಾನ್ಯವಾಗಿ ಗಮನಿಸದೆ ಬಿಡುವ ಈ ಬಾಗು ನನ್ನ ದೃಷ್ಟಿಯಲ್ಲಿ ಬಣ್ಣಕ್ಕಿಂತ ಹೆಚ್ಚು ನಂಬಲರ್ಹವಾದ ಸಾಕ್ಷಿ.

ಬಣ್ಣ ಮುಖ್ಯವಾಗಿ ಕಬ್ಬಿಣದ ಸ್ಥಿತಿಯನ್ನು ಹೇಳುತ್ತದೆ. ನೀರು ಸರಾಗವಾಗಿ ಬಸಿಯುವ, ಗಾಳಿಯಾಡುವ, ಬೆಚ್ಚಗಿನ ನೆಲದಲ್ಲಿ ಹೆಮಟೈಟ್ ಎಂಬ ಕಬ್ಬಿಣದ ಖನಿಜ ರೂಪುಗೊಂಡು ಮಣ್ಣು ಕೆಂಪಾಗುತ್ತದೆ. ಅದು ನೂರಕ್ಕೆ ಒಂದೆರಡು ಪಾಲಿದ್ದರೂ ಸಾಕು. ಹೆಚ್ಚು ಕಾಲ ತೇವವಿರುವಲ್ಲಿ ಹಳದಿ–ಕಂದು ಬಣ್ಣವೂ, ವರ್ಷದ ಬಹುಭಾಗ ನೀರು ನಿಂತಲ್ಲಿ ಬೂದು ಬಣ್ಣವೂ ಕಾಣುತ್ತವೆ. ಬೂದು ಮತ್ತು ಕೆಂಪು ಮಚ್ಚೆಗಳು ಬೆರೆತಿದ್ದರೆ ಅಂತರ್ಜಲದ ಮಟ್ಟ ಋತುವಿಗೆ ತಕ್ಕಂತೆ ಅಲ್ಲಿ ಏರಿಳಿಯುತ್ತಿತ್ತೆಂದು ಶಂಕಿಸಬಹುದು. ಆದರೆ ಬಣ್ಣವೊಂದರಿಂದಲೇ ತಳದ ಬಂಡೆಯನ್ನು ಗುರುತಿಸಲಾಗದು, ಏಕೆಂದರೆ ಗ್ರಾನೈಟಿನ ಮೇಲೂ ಬಸಾಲ್ಟಿನ ಮೇಲೂ ಕೆಂಪು ಮಣ್ಣು ಉಂಟಾಗುತ್ತದೆ. ಮಳೆನೀರು ಮೇಲಿನ ಕೆಂಪನ್ನು ಇಡೀ ಗೋಡೆಗೆ ಬಳಿದಿರುವುದೂ ಸಾಮಾನ್ಯ. ಆದ್ದರಿಂದ ಒಂದು ಗೇಣಿನಷ್ಟು ಹೆರೆದು ಒಳಗಿನ ಹೊಸ ಮುಖವನ್ನು ನೋಡಿಯೇ ತೀರ್ಮಾನಿಸಿರಿ.

ನದಿಯ ಮೆಕ್ಕಲಿನ ಲಕ್ಷಣಗಳೇ ಬೇರೆ. ಅದರಲ್ಲಿ ಹಲವು ಜಾತಿಯ ನುಣುಪಾದ ಕಲ್ಲುಗಳು ಬೆರೆತಿರುತ್ತವೆ, ಮರಳೂ ಜಲ್ಲಿಯೂ ಬೇರೆಬೇರೆ ಪಟ್ಟಿಗಳಾಗಿ ಕುಳಿತಿರುತ್ತವೆ, ಚಪ್ಪಟೆ ಕಲ್ಲುಗಳು ನೀರು ಬಂದ ದಿಕ್ಕಿಗೆ ಇಳಿಜಾರಾಗಿ ಒಂದರ ಮೇಲೊಂದು ಒರಗಿರುತ್ತವೆ, ಮತ್ತು ಬೆಣಚಿನ ಎಳೆ ಆ ಪದರದ ತಳದಲ್ಲಿ ಥಟ್ಟನೆ ಕಡಿದುಹೋಗುತ್ತದೆ. ಇಂಥ ಪದರ ಶಿಥಿಲ ಗ್ರಾನೈಟಿನ ಮೇಲೆಯೇ ಕುಳಿತಿರುವುದೂ ಉಂಟು. ಆದ್ದರಿಂದ ನಿಮ್ಮ ಗುಡ್ಡದ ಕೆಂಪು ಮಣ್ಣನ್ನು ಅದರ ಬುಡದವರೆಗೂ ಪರೀಕ್ಷಿಸಿರಿ: ನದಿಯ ಸಾಕ್ಷಿ ಇದ್ದರೆ ಅದು ಸಿಗುವುದು ಅಲ್ಲಿಯೇ ಹೊರತು ಕೆಳಗಿನ ದುಂಡು ಬಂಡೆಗಳಲ್ಲಿ ಅಲ್ಲ.