ಎಚ್‌ಡಿಎಲ್ 4 ಬಂದರೆ ಏರಿಸುವ ಮಾತು ಆಮೇಲೆ, ಮೊದಲು ಕಾರಣ ಹುಡುಕಿ

ಪ್ರಶ್ನೆ: ನನಗೆ 27 ವರ್ಷ. ಎರಡು ಲ್ಯಾಬ್‌ಗಳಲ್ಲೂ ಎಚ್‌ಡಿಎಲ್ 4 ಬಂದಿದೆ. ಒಟ್ಟು ಕೊಲೆಸ್ಟರಾಲ್ 78 ಮಾತ್ರ. ಮೀನೆಣ್ಣೆ ಕ್ಯಾಪ್ಸೂಲ್, ನಯಾಸಿನ್ ವಿಟಮಿನ್ ಮಾತ್ರೆ, ಜಿಮ್, ಇವುಗಳಲ್ಲಿ ಯಾವುದರಿಂದ ಒಳ್ಳೆ ಕೊಲೆಸ್ಟರಾಲ್ ಬೇಗ ಜಾಸ್ತಿ ಆಗುತ್ತದೆ?

ಯಾವುದರಿಂದಲೂ ಆಗುವುದಿಲ್ಲ. ನನ್ನ ತಮ್ಮನ ರಿಪೋರ್ಟೂ ಹೀಗೇ ಇತ್ತು. ಒಟ್ಟು ಕೊಲೆಸ್ಟರಾಲ್ 72, ಟ್ರೈಗ್ಲಿಸರೈಡ್ 180, ಎಚ್‌ಡಿಎಲ್ 3. ಕೆಲಸಕ್ಕೆ ಸೇರುವಾಗ ಮಾಡಿಸಿದ ಚೆಕಪ್‌ನಲ್ಲಿ ಬಂದ ಸಂಖ್ಯೆಗಳು ಇವು. ನೋಡಿದವರೆಲ್ಲ ಮೊದಲ ಸಾಲು ನೋಡಿ "72 ಅಂದ್ರೆ ತುಂಬಾ ಚೆನ್ನಾಗಿದೆ" ಅಂದರು. ಒಬ್ಬ ಡಾಕ್ಟರ್ ಮಾತ್ರ ಮೂರನೆಯ ಸಾಲಿಗೆ ಬೆರಳಿಟ್ಟು, "ಒಳ್ಳೆ ಕೊಲೆಸ್ಟರಾಲ್ ಸ್ವಲ್ಪ ಕಡಿಮೆ ಇದೆ, ಬಾದಾಮಿ ತಿನ್ನಿ, ನಡೀರಿ" ಅಂದರು. ಅಮ್ಮ ದಿನಾ ರಾತ್ರಿ ಬಾದಾಮಿ ನೆನೆಹಾಕಿದರು. ಮೀನೆಣ್ಣೆಯೂ ಬಂತು, ನಯಾಸಿನ್ ಕೂಡ ಬಂತು. ಮೈಯೆಲ್ಲ ಕೆಂಪಾಗಿ ಉರಿಯಿತು, ಎಚ್‌ಡಿಎಲ್ ಮಾತ್ರ ಮೂರರಿಂದ ಕದಲಲಿಲ್ಲ.

ಆದ ತಪ್ಪು ಇದು, ಮತ್ತು ಇದನ್ನೇ ನಾನು ಒತ್ತಿ ಹೇಳುತ್ತೇನೆ. 35 ಅಂದರೆ ಕಡಿಮೆ. 28 ಅಂದರೆ ಇನ್ನೂ ಕಡಿಮೆ. ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಸಿಗರೇಟು, ಕೂತೇ ಇರುವುದು, ಇವೆಲ್ಲ ಎಚ್‌ಡಿಎಲ್ ಅನ್ನು ಅಲ್ಲಿಗೆ ಇಳಿಸಬಹುದು. ಆದರೆ 3 ಅಥವಾ 4 ಅನ್ನುವುದು ಅದೇ ಮೆಟ್ಟಿಲ ಕೆಳಗಿನ ಹೆಜ್ಜೆ ಅಲ್ಲ. ಅದು ಬೇರೆಯೇ ವಿಷಯ. ಊಟ ಕೆಟ್ಟದ್ದಾಗಿದ್ದರಿಂದ ಯಾರ ಎಚ್‌ಡಿಎಲ್ಲೂ 4ಕ್ಕೆ ಬರುವುದಿಲ್ಲ. ಔಷಧ, ಬೇರೆ ಕಾಯಿಲೆ ಅಥವಾ ಯಂತ್ರದ ತಪ್ಪು ಕಾರಣ ಅಲ್ಲದಿದ್ದರೆ, ಎಚ್‌ಡಿಎಲ್ ತಯಾರಾಗುವ ದಾರಿಯಲ್ಲೇ ಏನೋ ಮುರಿದಿದೆ ಎಂದು ಅರ್ಥ. "ಕಡಿಮೆ" ಮತ್ತು "ಇಲ್ಲ" ಎರಡನ್ನೂ ಒಂದೇ ಅಂದುಕೊಂಡಿದ್ದರಿಂದ ತಮ್ಮನ ಕಾಯಿಲೆಗೆ ವರ್ಷಗಟ್ಟಲೆ ಹೆಸರೇ ಸಿಗಲಿಲ್ಲ.

ಆ ವರ್ಷಗಳಲ್ಲಿ ಅವನ ಮುಂಗೈಗೆ ಬಿಸಿ ಗೊತ್ತಾಗುವುದು ನಿಂತಿತು. ಮುಟ್ಟಿದರೆ ತಿಳಿಯುತ್ತಿತ್ತು, ಬಿಸಿ ಮತ್ತು ನೋವು ಮಾತ್ರ ಇಲ್ಲ. ಕುಕ್ಕರ್ ತಗುಲಿ ಬೊಬ್ಬೆ ಎದ್ದ ಮೇಲೆ ನೋಡಿಕೊಳ್ಳುತ್ತಿದ್ದ. ಅಂಗೈ ಸ್ನಾಯು ಸೊರಗಿತು. ಮಲಗಿದಾಗ ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ನಮ್ಮ ದೇಶದಲ್ಲಿ ಸ್ಪರ್ಶ ಹೋದ ಕೈ ಅಂದರೆ ಮೊದಲು ಕುಷ್ಠದ ಅನುಮಾನ ಬರುತ್ತದೆ. ಅನುಮಾನ ಪಡುವುದು ಸರಿಯೇ. ಆದರೆ ಅವನ ಚರ್ಮದಲ್ಲಿ ಮಚ್ಚೆ ಇರಲಿಲ್ಲ, ನರ ದಪ್ಪಗಾಗಿರಲಿಲ್ಲ, ಚರ್ಮದ ಸ್ಮಿಯರ್‌ನಲ್ಲಿ ಏನೂ ಸಿಗಲಿಲ್ಲ. ಆದರೂ ಒಂದು ಆಸ್ಪತ್ರೆಯಲ್ಲಿ ಕುಷ್ಠದ ಮಾತ್ರೆಗಳನ್ನು ಪೂರ್ತಿ ಕೋರ್ಸ್ ಕೊಟ್ಟರು. ಮನೆಯಲ್ಲಿ ಅದನ್ನು ಯಾರಿಗೂ ಹೇಳದೆ ಮುಚ್ಚಿಟ್ಟ ಆ ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೊನೆಗೆ ಒಬ್ಬ ನರರೋಗದ ಡಾಕ್ಟರ್ ಹಳೆಯ ರಿಪೋರ್ಟುಗಳ ಕಟ್ಟು ಕೇಳಿದರು. ಎಚ್‌ಡಿಎಲ್ ಸಾಲು ನೋಡಿ, "ಬಾಯಿ ತೆಗಿಯಪ್ಪ" ಅಂದು ಟಾರ್ಚ್ ಹಾಕಿದರು. ಗಂಟಲಿನ ಎರಡೂ ಟಾನ್ಸಿಲ್ ದಪ್ಪಗೆ, ಹಳದಿ ಮಿಶ್ರಿತ ಕಿತ್ತಳೆ ಬಣ್ಣದಲ್ಲಿದ್ದವು. ಟ್ಯಾಂಜಿಯರ್ ಕಾಯಿಲೆ ಎಂಬ ಹೆಸರು ನಾವು ಕೇಳಿದ್ದು ಆಗಲೇ.

ಹೆಸರು ಬಂದಿದ್ದು ಅಮೆರಿಕದ ವರ್ಜೀನಿಯಾ ರಾಜ್ಯದ ಚೆಸಪೀಕ್ ಕೊಲ್ಲಿಯಲ್ಲಿರುವ ಟ್ಯಾಂಜಿಯರ್ ಎಂಬ ಚಿಕ್ಕ ದ್ವೀಪದಿಂದ. ಕೆಲವೇ ಕುಟುಂಬಗಳು ತಲೆಮಾರುಗಳಿಂದ ಅಲ್ಲೇ ಇದ್ದವು, ಸಂಬಂಧಗಳೂ ಅವರೊಳಗೇ ನಡೆಯುತ್ತಿದ್ದವು. ಅಲ್ಲಿನ ಒಬ್ಬ ಪುಟ್ಟ ಹುಡುಗನ ಟಾನ್ಸಿಲ್ ಕಿತ್ತಳೆ ಬಣ್ಣದ್ದಾಗಿತ್ತು, ಅದರ ತುಂಬ ಕೊಲೆಸ್ಟರಾಲ್ ಇತ್ತು. ಅವನ ಅಕ್ಕನಿಗೂ ಹಾಗೇ ಇತ್ತು. ಸಂಶೋಧಕ ಡೊನಾಲ್ಡ್ ಫ್ರೆಡ್ರಿಕ್ಸನ್ ಮತ್ತು ಜೊತೆಗಾರರು ಅವರ ರಕ್ತ ನೋಡಿದಾಗ ಎಚ್‌ಡಿಎಲ್ ಹೆಚ್ಚುಕಡಿಮೆ ಇರಲೇ ಇಲ್ಲ. 1961ರಲ್ಲಿ ಈ ಕಾಯಿಲೆಯ ವರದಿ ಬಂತು.

ಇಲ್ಲೊಂದು ಒಗಟಿದೆ ನೋಡಿ. ರಕ್ತದಲ್ಲಿ ಕೊಲೆಸ್ಟರಾಲ್ ತೀರ ಕಡಿಮೆ, ಟಾನ್ಸಿಲ್, ಗುಲ್ಮ, ನರಗಳಲ್ಲಿ ಮಾತ್ರ ತುಂಬಿಕೊಂಡಿದೆ. ಯಾಕೆ?

ನಮ್ಮ ಹೆಚ್ಚಿನ ಜೀವಕೋಶಗಳಿಗೆ ಕೊಲೆಸ್ಟರಾಲ್ ಅನ್ನು ಸುಟ್ಟು ಮುಗಿಸಲು ಬರುವುದಿಲ್ಲ. ಜಾಸ್ತಿ ಆದದ್ದನ್ನು ಹೊರಗೆ ಕಳಿಸಲೇಬೇಕು. ಕೋಶದ ಪೊರೆಯಲ್ಲಿ ಎಬಿಸಿಎ1 ಎಂಬ ಪ್ರೋಟೀನ್ ಇದೆ. ಅದು ಕೊಲೆಸ್ಟರಾಲ್ ಮತ್ತು ಫಾಸ್ಫೊಲಿಪಿಡ್ ಎಂಬ ಇನ್ನೊಂದು ಕೊಬ್ಬು ಎರಡನ್ನೂ ಹೊರಗಿರುವ ಅಪೊ ಎ-1 ಎಂಬ ಪ್ರೋಟೀನಿಗೆ ಹತ್ತಿಸುತ್ತದೆ. ಹಾಗೆ ಕೊಬ್ಬು ಹತ್ತಿಸಿಕೊಂಡ ಅಪೊ ಎ-1 ಎಳೆಯ ಎಚ್‌ಡಿಎಲ್ ಆಗುತ್ತದೆ. ಎಲ್‌ಕ್ಯಾಟ್ ಎಂಬ ಕಿಣ್ವ ಆ ಕೊಲೆಸ್ಟರಾಲ್ ಅನ್ನು ನೀರಿಗೆ ಸೇರದ ಎಸ್ಟರ್ ರೂಪಕ್ಕೆ ತಿರುಗಿಸಿ ಒಳಕ್ಕೆ ತುಂಬಿದಾಗ ಅದು ಗುಂಡಗೆ ಬೆಳೆಯುತ್ತದೆ. ಕೊನೆಗೆ ಸರಕು ಲಿವರ್ ಸೇರುತ್ತದೆ, ಅಲ್ಲಿಂದ ಪಿತ್ತದ ಮೂಲಕ ಹೊರಗೆ.

ಬೀದಿಗೆ ಬರುವ ಕಸದ ಗಾಡಿ ನೆನಪಿಸಿಕೊಳ್ಳಿ. ಗಾಡಿ ಬಂದಿದೆ, ಆದರೆ ಮನೆ ಬಾಗಿಲು ತೆರೆಯುತ್ತಿಲ್ಲ. ಕಸ ಒಳಗೇ ಉಳಿಯುತ್ತದೆ, ಗಾಡಿ ಖಾಲಿ ಹೋಗುತ್ತದೆ. ಟ್ಯಾಂಜಿಯರ್‌ನಲ್ಲಿ ಕೆಟ್ಟಿರುವುದು ಬಾಗಿಲು, ಅಂದರೆ ಎಬಿಸಿಎ1.

ಇದು ತಿಳಿಯಲು ಬಹಳ ಕಾಲ ಬೇಕಾಯಿತು. ಮೊದಲು ಎಲ್ಲರೂ ಅಪೊ ಎ-1 ಮೇಲೆ ಅನುಮಾನಪಟ್ಟರು, ಯಾಕೆಂದರೆ ರೋಗಿಗಳ ರಕ್ತದಲ್ಲಿ ಅದೂ ಇರುತ್ತಿರಲಿಲ್ಲ. ಆದರೆ ಆರೋಗ್ಯವಂತರ ಅಪೊ ಎ-1 ಅನ್ನು ರೋಗಿಗೆ ಕೊಟ್ಟರೂ ಅದು ಬೇಗನೆ ಮಾಯವಾಗುತ್ತಿತ್ತು. ಅಂದರೆ ದೇಹ ಅದನ್ನು ತಯಾರಿಸುತ್ತಿದೆ, ಕೊಬ್ಬು ಸಿಗದೆ ಬರಿದಾಗಿ ಉಳಿದ ಪ್ರೋಟೀನನ್ನು ಕಿಡ್ನಿ ಸೋಸಿ ತೆಗೆಯುತ್ತಿದೆ. 1990ರ ದಶಕದಲ್ಲಿ ರೋಗಿಗಳ ಚರ್ಮದ ಕೋಶಗಳನ್ನು ಬೆಳೆಸಿ, ಕೊಲೆಸ್ಟರಾಲ್ ತುಂಬಿಸಿ, ಪಕ್ಕಕ್ಕೆ ಅಪೊ ಎ-1 ಇಟ್ಟು ನೋಡಿದರು. ಹೊರಗೆ ಏನೂ ಬರಲಿಲ್ಲ. ಅದೇ ಕೋಶಗಳಿಗೆ ಆಗಲೇ ತಯಾರಾದ ಎಚ್‌ಡಿಎಲ್ ಕೊಟ್ಟಾಗ ಕೊಲೆಸ್ಟರಾಲ್ ಹೊರಬಂತು. ತಪ್ಪು ರಕ್ತದಲ್ಲಿಲ್ಲ, ಕೋಶದಲ್ಲಿದೆ ಅನ್ನುವುದು ಅಲ್ಲಿ ಗಟ್ಟಿಯಾಯಿತು. 1999ರಲ್ಲಿ ಮೂರು ಬೇರೆ ಬೇರೆ ತಂಡಗಳು ಒಂದೇ ಜೀನ್ ಹೆಸರಿಸಿದವು, ಒಂಬತ್ತನೇ ಕ್ರೋಮೊಸೋಮ್‌ನ ಎಬಿಸಿಎ1.

ಹೊರಗೆ ಹೋಗಲಾರದ ಕೊಲೆಸ್ಟರಾಲ್ ಎಸ್ಟರ್ ಹನಿಗಳಾಗಿ ಕೋಶದೊಳಗೆ ಕೂರುತ್ತದೆ. ಕ್ಯಾರೆಟ್, ಪರಂಗಿ ಹಣ್ಣಿನ ಬಣ್ಣ ಕೊಬ್ಬಿನಲ್ಲಿ ಕರಗುವಂಥದ್ದು, ಅದೂ ಆ ಹನಿಗಳಲ್ಲಿ ಸೇರಿಕೊಳ್ಳುತ್ತದೆ. ಟಾನ್ಸಿಲ್ ಕಿತ್ತಳೆಯಾಗುವುದು ಹಾಗೆ. ನರದ ಹೊದಿಕೆಯ ಕೋಶಗಳಲ್ಲೂ ಅದೇ ಹನಿಗಳು ತುಂಬುತ್ತವೆ. ತಮ್ಮನ ಕೈಗೆ ಆದದ್ದು ಇದೇ.

ಈಗ ನಿಮ್ಮ "ಒಳ್ಳೆ ಕೊಲೆಸ್ಟರಾಲ್" ವಿಷಯ. ರಕ್ತದಲ್ಲಿರುವ ಎಚ್‌ಡಿಎಲ್‌ನ ಬಹುಪಾಲು ಹುಟ್ಟುವುದು ಲಿವರ್ ಮತ್ತು ಕರುಳಿನ ಎಬಿಸಿಎ1ನಿಂದ. ರಕ್ತನಾಳದ ಗೋಡೆಯಲ್ಲಿ ಕೂತು ಕೊಲೆಸ್ಟರಾಲ್ ನುಂಗುವ ಮ್ಯಾಕ್ರೊಫೇಜ್ ಎಂಬ ಕೋಶಗಳಿಂದ ಬರುವುದು ಬಹಳ ಸ್ವಲ್ಪ. ಹಾಗಾಗಿ ಎಚ್‌ಡಿಎಲ್ ಸಂಖ್ಯೆ ನೋಡಿ ರಕ್ತನಾಳ ಎಷ್ಟು ಶುದ್ಧವಾಗುತ್ತಿದೆ ಎಂದು ಹೇಳಲು ಆಗುವುದಿಲ್ಲ. ಸಂಖ್ಯೆ ಏರಿಸಿದರೆ ಹೃದಯ ಉಳಿಯುತ್ತದೆ ಎಂದು ನಂಬಿ ದೊಡ್ಡ ಪ್ರಯೋಗಗಳನ್ನೇ ಮಾಡಿದರು. ಟಾರ್ಸೆಟ್ರಾಪಿಬ್ ಎಂಬ ಔಷಧ ಎಚ್‌ಡಿಎಲ್ ಅನ್ನು ಚೆನ್ನಾಗಿಯೇ ಏರಿಸಿತು. ಆದರೆ ಅದನ್ನು ತೆಗೆದುಕೊಂಡವರಲ್ಲಿ ಸಾವು ಜಾಸ್ತಿ ಆದ ಕಾರಣ 2006ರಲ್ಲಿ ಪ್ರಯೋಗ ನಿಲ್ಲಿಸಬೇಕಾಯಿತು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಜೊತೆಗೆ ನಯಾಸಿನ್ ಸೇರಿಸಿದ ದೊಡ್ಡ ಪ್ರಯೋಗಗಳಲ್ಲೂ ಹೃದಯಕ್ಕೆ ಲಾಭ ಕಾಣಲಿಲ್ಲ. ಅದಕ್ಕೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ.

ಇನ್ನೊಂದು ಕಡೆ, ಟ್ಯಾಂಜಿಯರ್ ಇರುವವರಿಗೆ ಹೃದಯದ ಅಪಾಯ ಇದೆ, ಆದರೆ ಸೊನ್ನೆ ಎಚ್‌ಡಿಎಲ್ ನೋಡಿ ಹೆದರಿಕೊಳ್ಳುವಷ್ಟು ಎಲ್ಲರಲ್ಲೂ ಕಾಣುವುದಿಲ್ಲ. "ಕೆಟ್ಟ ಕೊಲೆಸ್ಟರಾಲ್" ಎನ್ನುವ ಎಲ್‌ಡಿಎಲ್ ಕೂಡ ಅವರಲ್ಲಿ ಕಡಿಮೆ ಇರುವುದು ಒಂದು ಕಾರಣ ಇರಬಹುದು. ತಮ್ಮನ ಲೆಕ್ಕ ಹಾಕಿ ನೋಡಿ. 72ರಲ್ಲಿ ಎಚ್‌ಡಿಎಲ್ 3 ಕಳೆಯಿರಿ, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ 36 ಕಳೆಯಿರಿ. ಉಳಿದದ್ದು 33, ಅದೇ ಎಲ್‌ಡಿಎಲ್. ಒಟ್ಟು ಸಂಖ್ಯೆ "ಚೆನ್ನಾಗಿ" ಕಂಡಿದ್ದು ಇದರಿಂದಲೇ.

ನಿಮಗೆ ಟ್ಯಾಂಜಿಯರ್ ಇದೆ ಎಂದು ನಾನು ಹೇಳುತ್ತಿಲ್ಲ. ಜಿಮ್ ಅಂದಿದ್ದೀರಿ, ಅದಕ್ಕೆ ನೇರವಾಗಿ ಕೇಳುತ್ತೇನೆ: ಸ್ನಾಯು ಬೆಳೆಸುವ ಸ್ಟೀರಾಯ್ಡ್ ಇಂಜೆಕ್ಷನ್ ಅಥವಾ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ? ಅವು ಎಚ್‌ಡಿಎಲ್ ಅನ್ನು ಪಾತಾಳಕ್ಕೆ ಇಳಿಸುತ್ತವೆ, ಡಾಕ್ಟರ್ ಮುಂದೆ ಮುಚ್ಚಿಡಬೇಡಿ. ಟ್ರೈಗ್ಲಿಸರೈಡ್ ತುಂಬಾ ಏರಿದ್ದರೂ, ಜೋರು ಸೋಂಕು ಅಥವಾ ಲಿವರ್ ಕಾಯಿಲೆ ಇದ್ದರೂ ಇಳಿಯುತ್ತದೆ. ರಕ್ತದಲ್ಲಿ ಅಸಹಜ ಪ್ರೋಟೀನ್ ಇದ್ದರೆ ಕೆಲವು ಯಂತ್ರಗಳು ಸುಳ್ಳು ಸಂಖ್ಯೆ ಕೊಡುತ್ತವೆ, ಸೀರಂ ಪ್ರೋಟೀನ್ ಎಲೆಕ್ಟ್ರೊಫೊರೆಸಿಸ್ ಎಂಬ ರಕ್ತ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ.

ಇವೆಲ್ಲ ಇಲ್ಲ ಅಂತಾದರೆ ಅಪೊ ಎ-1 ಅಳೆಸಿ. ಸಾಮಾನ್ಯವಾಗಿ ಅದು ನೂರರ ಮೇಲಿರುತ್ತದೆ, ಟ್ಯಾಂಜಿಯರ್‌ನಲ್ಲಿ ಒಂದಂಕಿಗೆ ಬಂದಿರುತ್ತದೆ. ಕಣ್ಣಿನ ಕಪ್ಪು ಭಾಗದ ಮೇಲಿನ ಪಾರದರ್ಶಕ ಪೊರೆ ಮಸುಕಾಗಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಎಲ್‌ಕ್ಯಾಟ್ ಕೊರತೆ ಯೋಚಿಸಬೇಕು. ಅಪೊ ಎ-1ರ ಜೀನೇ ಕೆಟ್ಟಿರುವವರೂ ಇದ್ದಾರೆ. ಜೀನ್ ಪರೀಕ್ಷೆಗೆ ಬರೆಸುವಾಗ ಮೂರನ್ನೂ ಸೇರಿಸಿ ಬರೆಯಲು ಹೇಳಿ. ಅದಕ್ಕೂ ಮೊದಲು ಟಾರ್ಚ್ ಹಾಕಿ ಗಂಟಲು ನೋಡಿಸಿ. ಟಾನ್ಸಿಲ್ ಚಿಕ್ಕಂದಿನಲ್ಲೇ ತೆಗೆಸಿದ್ದರೆ ಅದರ ಬಣ್ಣ ಹೇಗಿತ್ತು ಅಂತ ಮನೆಯವರನ್ನು ಕೇಳಿ. ಗುಲ್ಮ ದೊಡ್ಡದಾಗಿದೆಯಾ ಎಂದು ಸ್ಕ್ಯಾನ್, ಪ್ಲೇಟ್‌ಲೆಟ್ ಎಷ್ಟಿದೆ ಎಂದು ರಕ್ತ ಪರೀಕ್ಷೆ, ಕೈಕಾಲಲ್ಲಿ ಬಿಸಿ ತಣ್ಣಗೆ ಗೊತ್ತಾಗುತ್ತಿದೆಯಾ ಎಂದು ನರ ಪರೀಕ್ಷೆ, ಇಷ್ಟು ಬೇಕು.

ಟ್ಯಾಂಜಿಯರ್‌ಗೆ ಬಾಗಿಲು ರಿಪೇರಿ ಮಾಡುವ ಔಷಧ ಇಲ್ಲ. ತಮ್ಮ ಈಗ ಎಣ್ಣೆ ಜಿಡ್ಡು ಕಡಿಮೆ ಮಾಡಿದ್ದಾನೆ, ಸಿಗರೇಟು ಬಿಟ್ಟಿದ್ದಾನೆ, ಹೃದಯ ತಪಾಸಣೆ ತಪ್ಪಿಸುವುದಿಲ್ಲ. ಒಲೆ ಮುಂದೆ ಕೈಗವಸು ಹಾಕುತ್ತಾನೆ, ಸ್ನಾನದ ನೀರನ್ನು ಹೆಂಡತಿ ಮುಟ್ಟಿ ನೋಡಿದ ಮೇಲೇ ಹಾಕಿಕೊಳ್ಳುತ್ತಾನೆ. ರಾತ್ರಿ ಕಣ್ಣಿಗೆ ಮುಲಾಮು ಹಚ್ಚುತ್ತಾನೆ.

ಒಂದು ಕೆಲಸ ಈ ವಾರವೇ ಮಾಡಿ. ಅಪ್ಪ, ಅಮ್ಮ, ಒಡಹುಟ್ಟಿದವರ ಲಿಪಿಡ್ ಪ್ರೊಫೈಲ್ ಮಾಡಿಸಿ. ಈ ಕಾಯಿಲೆಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಜೀನ್‌ನ ಎರಡೂ ಕೆಟ್ಟ ಪ್ರತಿ ಬರಬೇಕು. ಒಂದೇ ಇರುವವರಲ್ಲಿ ಎಚ್‌ಡಿಎಲ್ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ನಮ್ಮ ಅಪ್ಪ ಅಮ್ಮ ಸೋದರತ್ತೆ, ಸೋದರಮಾವನ ಮಕ್ಕಳು. ಅಪ್ಪನದು 22, ಅಮ್ಮನದು 25, ನನ್ನದು 24. ನಿಮ್ಮ ಮನೆಯಲ್ಲೂ ಹೀಗೆ ಬಂದರೆ ಆ ಮೂರು ರಿಪೋರ್ಟು ಹಿಡಿದು ಜೆನೆಟಿಕ್ಸ್ ವಿಭಾಗ ಇರುವ ಆಸ್ಪತ್ರೆಗೆ ಹೋಗಿ. ತಂಗಿ ತಮ್ಮ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಒಬ್ಬೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ.